ಹಸು ಈಯುವ ದಿನ: ಲೆಕ್ಕ ಎಲ್ಲಿಂದ ಶುರು?

ಹಸು ಸಾಕುವ ಹಲವು ಮನೆಗಳ ಗೋಡೆಯ ಕ್ಯಾಲೆಂಡರಿನಲ್ಲಿ ಒಂದೆರಡು ತಾರೀಖುಗಳಿಗೆ ಪೆನ್ನಿನಿಂದ ಸುತ್ತು ಹಾಕಿರುತ್ತಾರೆ. ಅದು ಹಬ್ಬದ ದಿನವೂ ಅಲ್ಲ, ಸಾಲದ ಕಂತಿನ ದಿನವೂ ಅಲ್ಲ. ಹಸುವಿಗೆ ಇಂಜೆಕ್ಷನ್ ಹಾಕಿಸಿದ ದಿನ. ಕೃತಕ ಗರ್ಭಧಾರಣೆ ಮಾಡಿದವರು ಬೈಕ್ ಏರುವ ಮುನ್ನವೇ ಮನೆಯವರು ಕೇಳುವ ಪ್ರಶ್ನೆಯೂ ಅದೇ: ‘ಹಂಗಾದರೆ ಯಾವಾಗ ಈಯುತ್ತೆ?’ ಉತ್ತರ ಥಟ್ಟನೆ ಬರುತ್ತದೆ: ‘ಒಂಬತ್ತು ತಿಂಗಳು ಮೇಲೊಂದು ವಾರ.’

ಈ ಉತ್ತರ ತಪ್ಪಲ್ಲ. ಆದರೆ ಅದನ್ನು ನಂಬಿಕೊಂಡು ಹಾಲು ಬತ್ತಿಸುವ, ಹಿಂಡಿ ಹೆಚ್ಚಿಸುವ, ರಾತ್ರಿ ಕೊಟ್ಟಿಗೆಯಲ್ಲಿ ಕಾವಲು ಕೂರುವ ಮನೆಯವರಿಗೆ ಅದರ ಹಿಂದಿನ ಲೆಕ್ಕವೂ ಗೊತ್ತಿರಬೇಕು. ಆ ಲೆಕ್ಕ ಕೈಕೊಡುವುದು ಸಾಮಾನ್ಯವಾಗಿ ಕೂಡುವುದರಲ್ಲಿ ಅಲ್ಲ, ಎಣಿಕೆ ಶುರುಮಾಡುವ ದಿನವನ್ನು ಆರಿಸಿಕೊಳ್ಳುವುದರಲ್ಲಿ.

ಸೀಮೆಹಸುಗಳು, ಅಂದರೆ ಹೋಲ್‌ಸ್ಟೀನ್ ಫ್ರೀಷಿಯನ್ (ಎಚ್‌ಎಫ್) ಮತ್ತು ಜೆರ್ಸಿ ತಳಿಗಳು, ಸರಾಸರಿ 279 ದಿನ ಗಬ್ಬ ಹೊರುತ್ತವೆ. ಅವುಗಳ ಮಿಶ್ರತಳಿಗಳೂ ಹೆಚ್ಚುಕಮ್ಮಿ ಇದೇ ಆಸುಪಾಸಿನಲ್ಲಿರುತ್ತವೆ. ಹಾಗಾಗಿ ಲೆಕ್ಕಕ್ಕೆ ಸುಲಭವಾಗಲೆಂದು 280 ಎಂದು ಹಿಡಿಯುವುದು ರೂಢಿ. ಮೊಬೈಲಿನ ಅಥವಾ ಕಂಪ್ಯೂಟರಿನ ಲೆಕ್ಕದ ಹಾಳೆಯಲ್ಲಿ ಇಂಜೆಕ್ಷನ್ ಹಾಕಿಸಿದ ತಾರೀಖನ್ನು A2 ಮನೆಯಲ್ಲಿ ಬರೆದು, ಪಕ್ಕದ ಮನೆಯಲ್ಲಿ `=A2+280` ಎಂದು ಕೊಟ್ಟರೆ ಈಯುವ ತಾರೀಖು ಬಂದುಬಿಡುತ್ತದೆ. ಕೈಲೆಕ್ಕ ಇನ್ನೂ ಸುಲಭ. ಇಂಜೆಕ್ಷನ್ ಹಾಕಿಸಿದ ತಿಂಗಳಿಂದ ಮೂರು ತಿಂಗಳು ಹಿಂದಕ್ಕೆ ಹೋಗಿ, ತಾರೀಖಿಗೆ ಏಳು ಕೂಡಿಸಬೇಕು. ಆಗಸ್ಟ್ 10ಕ್ಕೆ ಹಾಕಿಸಿದ್ದರೆ ಮೂರು ತಿಂಗಳ ಹಿಂದೆ ಮೇ 10. ಏಳು ಕೂಡಿಸಿದರೆ ಮುಂದಿನ ವರ್ಷದ ಮೇ 17.

ತಿಂಗಳುಗಳ ಉದ್ದ ಒಂದೇ ಅಲ್ಲದ ಕಾರಣ ಈ ಕೈಲೆಕ್ಕ ಪ್ರತಿ ಸಲವೂ ಕರಾರುವಾಕ್ಕಾಗಿ 280ಕ್ಕೆ ಬಂದು ನಿಲ್ಲುವುದಿಲ್ಲ. ಆಗಸ್ಟ್ 10ರಿಂದ ಎಣಿಸಿದರೆ ಸರಿಯಾಗಿ 280 ದಿನ ಆಗುತ್ತದೆ. ಮೇ 10ರಿಂದ ಎಣಿಸಿದರೆ ನಡುವೆ 31 ದಿನದ ತಿಂಗಳುಗಳು ಹೆಚ್ಚು ಸಿಗುವುದರಿಂದ, ಫೆಬ್ರವರಿ 17ಕ್ಕೆ ಬರುವಷ್ಟರಲ್ಲಿ 283 ದಿನ ಆಗಿರುತ್ತದೆ. ಈ ಮೂರು ದಿನದ ವ್ಯತ್ಯಾಸಕ್ಕೆ ತಲೆಕೆಡಿಸಿಕೊಳ್ಳಬೇಕಾಗಿಲ್ಲ. ಹಸು ತಾನೇ ಮಾಡುವ ಹೆಚ್ಚುಕಮ್ಮಿ ಇದಕ್ಕಿಂತ ದೊಡ್ಡದು.

ಅದು ಎಷ್ಟು ದೊಡ್ಡದು ಎಂಬುದೇ ಮುಖ್ಯ. ಸರಾಸರಿ ಎಂದರೆ ಹಸು ಆ ದಿನವೇ ಈಯುತ್ತದೆ ಎಂದಲ್ಲ. ಒಂದೇ ತಳಿಯ ನೂರು ಹಸುಗಳನ್ನು ತೆಗೆದುಕೊಂಡರೆ ಸುಮಾರು ಮೂರರಲ್ಲಿ ಎರಡು ಪಾಲು ಸರಾಸರಿಯ ಐದು ದಿನ ಆಚೀಚೆ ಈಯುತ್ತವೆ. ಹತ್ತು ದಿನ ಆಚೀಚೆಯ ಲೆಕ್ಕ ಹಿಡಿದರೆ ಹೆಚ್ಚೂಕಡಿಮೆ ಎಲ್ಲವೂ ಅದರೊಳಗೆ ಬರುತ್ತವೆ. ಅಂದರೆ ಆಗಸ್ಟ್ 10ರ ಇಂಜೆಕ್ಷನ್ನಿಗೆ ನಿಜವಾದ ಉತ್ತರ ‘ಮೇ 17’ ಅಲ್ಲ, ‘ಮೇ 7ರಿಂದ 27ರೊಳಗೆ, ಬಹುಶಃ 12ರಿಂದ 22ರ ನಡುವೆ’. ಕ್ಯಾಲೆಂಡರಿನಲ್ಲಿ ಒಂದು ತಾರೀಖಿಗೆ ಸುತ್ತು ಹಾಕುವ ಬದಲು ಈ ಮೂರು ವಾರಗಳ ಉದ್ದಕ್ಕೂ ಗೆರೆ ಎಳೆಯುವುದು ಹೆಚ್ಚು ಪ್ರಾಮಾಣಿಕ. ಮೇ 17 ಕಳೆದು ಎರಡು ದಿನವಾಯಿತೆಂದು ಗಾಬರಿಪಡುವುದೂ ತಪ್ಪುತ್ತದೆ, ಮೇ 9ಕ್ಕೆ ಯಾರೂ ಮನೆಯಲ್ಲಿ ಇಲ್ಲದಾಗ ಹಸು ಈದುಬಿಡುವುದೂ ತಪ್ಪುತ್ತದೆ.

ಈ ಹೆಚ್ಚುಕಮ್ಮಿ ಎಲ್ಲಿಂದ ಬರುತ್ತದೆ? ಇಂಜೆಕ್ಷನ್ ಹಾಕಿದ ಸಮಯದಿಂದಂತೂ ಅಲ್ಲ. ಹಸುವಿನ ಬೆದೆ ಅರ್ಧ ದಿನಕ್ಕಿಂತ ತುಸು ಹೆಚ್ಚು ಹೊತ್ತು ಇರುತ್ತದೆ. ಬೆದೆ ಇಳಿದು ಹತ್ತು ಹನ್ನೆರಡು ಗಂಟೆಯ ಮೇಲೆ ಅಂಡ ಬಿಡುಗಡೆಯಾಗುತ್ತದೆ. ಬೆಳಗ್ಗೆ ಬೆದೆ ಕಂಡರೆ ಸಂಜೆಗೆ, ಸಂಜೆ ಕಂಡರೆ ಮರುದಿನ ಬೆಳಗ್ಗೆ ಇಂಜೆಕ್ಷನ್ ಹಾಕಿಸಿ ಎಂದು ಪಶುವೈದ್ಯರು ಹೇಳುವುದು ಇದಕ್ಕೇ. ವೀರ್ಯಾಣುಗಳು ಗರ್ಭಕೋಶದ ದಾರಿಯಲ್ಲಿ ಸುಮಾರು ಒಂದು ದಿನ ಬದುಕಿರುತ್ತವೆ, ಅಂಡದ ಆಯುಸ್ಸು ಅದಕ್ಕಿಂತಲೂ ಕಡಿಮೆ. ಹಾಗಾಗಿ ಆ ಇಂಜೆಕ್ಷನ್ನಿಗೆ ಗಬ್ಬ ಕಟ್ಟಿದ್ದರೆ, ಅದು ಕಟ್ಟಿದ್ದು ಆ ದಿನ ಇಲ್ಲವೇ ಅದರ ಮರುದಿನ. ಹೋರಿಯೊಂದಿಗೆ ಮೇಯಲು ಬಿಟ್ಟ ಹಸುವಿನ ವಿಷಯದಲ್ಲಿ ಇಷ್ಟು ಖಚಿತವಾಗಿ ಹೇಳಲು ಆಗುವುದಿಲ್ಲ. ಭಾರತದಲ್ಲಿ ಮೊದಲ ಕೃತಕ ಗರ್ಭಧಾರಣೆ ನಡೆದದ್ದು 1939ರಲ್ಲಿ, ಮೈಸೂರು ಅರಮನೆಯ ಡೇರಿ ಫಾರ್ಮಿನಲ್ಲಿ, ಡಾ. ಸಂಪತ್‌ಕುಮಾರನ್ ಅವರ ಕೈಯಲ್ಲಿ. ಒಳ್ಳೆಯ ಹೋರಿಯ ತಳಿ ಊರೂರಿಗೆ ತಲುಪಿದ್ದು ಆ ವಿಧಾನದ ದೊಡ್ಡ ಲಾಭವೆಂದು ಎಲ್ಲರೂ ಹೇಳುತ್ತಾರೆ. ಬರೆದಿಡಬಹುದಾದ ಒಂದು ತಾರೀಖು ರೈತನ ಕೈಗೆ ಸಿಕ್ಕಿದ್ದು ಅಷ್ಟೇ ಬೆಲೆಯ ಇನ್ನೊಂದು ಲಾಭ.

ವ್ಯತ್ಯಾಸ ಇರುವುದು ಕೊನೆಯಲ್ಲಿ. ಯಾವಾಗ ಹೊರಗೆ ಬರಬೇಕೆಂದು ತೀರ್ಮಾನಿಸುವುದು ತಾಯಿಯಲ್ಲ, ಹೊಟ್ಟೆಯೊಳಗಿನ ಕರು. ನ್ಯೂಜಿಲೆಂಡಿನ ವೈದ್ಯ ಗ್ರಹಾಂ ಲಿಗಿನ್ಸ್ 1960ರ ದಶಕದಲ್ಲಿ ಕುರಿಗಳಲ್ಲಿ ಇದನ್ನು ತೋರಿಸಿಕೊಟ್ಟರು. ಗರ್ಭದೊಳಗಿನ ಮರಿಯ ಮೆದುಳಿನ ತಳದಲ್ಲಿರುವ ಪಿಟ್ಯುಟರಿ ಗ್ರಂಥಿಯನ್ನು ನಾಶಮಾಡಿದಾಗ ದಿನ ತುಂಬಿದರೂ ಕುರಿ ಈಯಲಿಲ್ಲ. ಆ ಗ್ರಂಥಿ ಸಾಮಾನ್ಯವಾಗಿ ಎಬ್ಬಿಸುವ ಕಾರ್ಟಿಸಾಲ್ ಹಾರ್ಮೋನನ್ನು ಮರಿಗೆ ಕೊಟ್ಟಾಗ ದಿನ ತುಂಬುವ ಮೊದಲೇ ಈದಿತು. ಹಸುವಿನಲ್ಲೂ ನಡೆಯುವುದು ಇದೇ. ದಿನ ತುಂಬುತ್ತಿದ್ದಂತೆ ಕರುವಿನ ದೇಹದಲ್ಲಿ ಕಾರ್ಟಿಸಾಲ್ ಏರುತ್ತದೆ. ಅದರಿಂದ ಗಬ್ಬವನ್ನು ಹಿಡಿದಿಟ್ಟುಕೊಂಡಿರುವ ತಾಯಿಯ ಹಾರ್ಮೋನು ಇಳಿದು, ಗರ್ಭಕೋಶ ನೋವು ತಿನ್ನಲು ತಯಾರಾಗುತ್ತದೆ.

ತೀರ್ಮಾನ ಕರುವಿನದು ಎಂದ ಮೇಲೆ ಕರುವಿನ ಅಪ್ಪನೂ ಲೆಕ್ಕಕ್ಕೆ ಬರುತ್ತಾನೆ. ನಾಟಿ ತಳಿಗಳಾದ ಹಳ್ಳಿಕಾರ್, ಗಿರ್, ಸಾಹಿವಾಲ್ ಹಸುಗಳು ಸೀಮೆಹಸುಗಳಿಗಿಂತ ಕೆಲವು ದಿನ ಹೆಚ್ಚು ಗಬ್ಬ ಹೊರುತ್ತವೆ. ಅವುಗಳಿಗೆ 285ರಿಂದ 290 ದಿನ ಹಿಡಿಯುವುದು ಸರಿ. ಸ್ವಿಟ್ಜರ್ಲೆಂಡಿನ ಬ್ರೌನ್ ಸ್ವಿಸ್ ಕೂಡ ಹಾಗೆಯೇ 290ರ ಹತ್ತಿರ ಹೋಗುತ್ತದೆ. ಎಚ್‌ಎಫ್ ಹಸುವಿಗೆ ಗಿರ್ ಹೋರಿಯ ವೀರ್ಯ ಹಾಕಿಸಿದರೆ ಕರು ಅರ್ಧ ಗಿರ್ ಆಗಿರುತ್ತದೆ, ಹಸು ತನ್ನ ಹಿಂದಿನ ಸಲಕ್ಕಿಂತ ಕೆಲವು ದಿನ ತಡವಾಗಿ ಈಯಬಹುದು. ಹಳ್ಳಿಕಾರ್ ಹಸುವಿಗೆ ಎಚ್‌ಎಫ್ ಹಾಕಿಸಿದರೆ ಇದು ತಿರುಗುಮುರುಗು. ಅದಕ್ಕೇ ತಾರೀಖಿನ ಪಕ್ಕದಲ್ಲಿ ಹೋರಿಯ ತಳಿಯನ್ನೂ ಅದರ ನಂಬರನ್ನೂ ಬರೆದುಕೊಳ್ಳಬೇಕು. ವೀರ್ಯ ತುಂಬಿದ ಸ್ಟ್ರಾ ಮೇಲೆಯೇ ಅವು ಅಚ್ಚಾಗಿರುತ್ತವೆ. ಉಳಿದ ಕಾರಣಗಳು ಸಣ್ಣವು. ಹೋರಿಗರು ಹೆಣ್ಣುಗರುವಿಗಿಂತ ಒಂದೆರಡು ದಿನ ಹೆಚ್ಚು ಒಳಗಿರುತ್ತದೆ, ಚೊಚ್ಚಲ ಕಡಸು ಒಂದು ದಿನದಷ್ಟು ಬೇಗ ಈಯುತ್ತದೆ, ಅವಳಿ ಇದ್ದರೆ ಸುಮಾರು ಐದು ದಿನ ಮೊದಲೇ ಆಗುತ್ತದೆ. ಎಮ್ಮೆಯ ಲೆಕ್ಕವೇ ಬೇರೆ: ಅದಕ್ಕೆ ಸುಮಾರು 310 ದಿನ, ಹತ್ತು ತಿಂಗಳು ದಾಟಿಯೇ ದಾಟುತ್ತದೆ.

ಈಗ ಎಣಿಕೆ ಎಲ್ಲಿಂದ ಶುರು ಎಂಬ ಪ್ರಶ್ನೆಗೆ ಬರೋಣ. ರೈತರಿಗೆ ಹೆಚ್ಚು ನಷ್ಟ ಮಾಡುವುದು ಇಲ್ಲಿಯ ತಪ್ಪೇ. ಒಂದು ಮಿಶ್ರತಳಿ ಎಚ್‌ಎಫ್ ಹಸುವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಹೆಸರು ಗೌರಿ ಎಂದಿಟ್ಟುಕೊಳ್ಳೋಣ. ಅದಕ್ಕೆ 2025ರ ಆಗಸ್ಟ್ 10ರ ಸಂಜೆ ಇಂಜೆಕ್ಷನ್ ಹಾಕಿಸಲಾಯಿತು. ಗಬ್ಬ ಕಟ್ಟದ ಹಸು ಸುಮಾರು 21 ದಿನಕ್ಕೆ ಮತ್ತೆ ಬೆದೆಗೆ ಬರುತ್ತದೆ. 18ರಿಂದ 24 ದಿನದೊಳಗೆ ಯಾವಾಗ ಬಂದರೂ ಸಹಜ. ಸರಿಯಾಗಿ ಆಗಸ್ಟ್ 31ಕ್ಕೆ ಗೌರಿ ಕೂಗಿತು, ಪಕ್ಕದ ಹಸುವಿನ ಮೇಲೆ ಹಾರಿತು. ಕಟ್ಟಲಿಲ್ಲ ಅಂತ ಕಾಣುತ್ತೆ ಎಂದು ಮನೆಯವರು ಮತ್ತೊಮ್ಮೆ ಇಂಜೆಕ್ಷನ್ ಹಾಕಿಸಿದರು. ಆಮೇಲೆ ಬೆದೆ ಬರಲಿಲ್ಲ. ಎಲ್ಲರಂತೆ ಅವರೂ ಕೊನೆಯ ಇಂಜೆಕ್ಷನ್ನಿನಿಂದ ಎಣಿಸಿದರು: ಆಗಸ್ಟ್ 31ಕ್ಕೆ 280 ಕೂಡಿದರೆ 2026ರ ಜೂನ್ 7. ಈಯುವ 60 ದಿನ ಮೊದಲು ಹಾಲು ಬತ್ತಿಸಬೇಕು, ಅಂದರೆ ಏಪ್ರಿಲ್ 8.

ಹೆಚ್ಚಿನ ಸಲ ಈ ಲೆಕ್ಕ ಸರಿಯಾಗಿಯೇ ಇರುತ್ತದೆ. ಕೊನೆಯ ಇಂಜೆಕ್ಷನ್ನಿನಿಂದ ಎಣಿಸುವುದೇ ನಿಯಮ. ಆದರೆ ಗಬ್ಬದ ಹಸುಗಳಲ್ಲಿ ಕೆಲವು ಗಬ್ಬ ನಿಂತ ಮೇಲೂ ಬೆದೆಯ ಲಕ್ಷಣ ತೋರಿಸುತ್ತವೆ. ಅಂಡ ಬಿಡುಗಡೆಯಾಗುವುದಿಲ್ಲ, ಕರು ಒಳಗೆ ಕ್ಷೇಮವಾಗಿರುತ್ತದೆ, ಆದರೂ ಹಸು ಹಾರುತ್ತದೆ, ಕೂಗುತ್ತದೆ. ಗೌರಿಯದೂ ಅದೇ ಕತೆಯಾಗಿದ್ದರೆ ಅದು ಗಬ್ಬ ಕಟ್ಟಿದ್ದು ಆಗಸ್ಟ್ 10ಕ್ಕೆ. ಈಯುವುದು ಮೇ 17ರ ಆಸುಪಾಸು. ಏಪ್ರಿಲ್ 8ಕ್ಕೆ ಹಾಲು ಬತ್ತಿಸಿದರೆ ಕೆಚ್ಚಲಿಗೆ ಸಿಗುವ ವಿಶ್ರಾಂತಿ 60 ದಿನವಲ್ಲ, ಬರೀ 39 ದಿನ.

ಆ 21 ದಿನಕ್ಕೆ ಬೆಲೆ ಇದೆ. ಹಾಲು ಬತ್ತಿದ ಅವಧಿಯಲ್ಲಿ ಕೆಚ್ಚಲಿನೊಳಗೆ ಹಾಲು ಉಂಟುಮಾಡುವ ಹಳೆಯ ಜೀವಕೋಶಗಳು ಹೋಗಿ ಹೊಸವು ಬೆಳೆಯುತ್ತವೆ. ಸುಮಾರು 40 ದಿನಕ್ಕಿಂತ ಕಡಿಮೆ ಸಿಕ್ಕಿದರೆ ಆ ಕೆಲಸ ಪೂರ್ತಿಯಾಗದೆ ಮುಂದಿನ ಸೂಲಿನ ಹಾಲು ಇಳಿಯುತ್ತದೆ. ಈಯುವ ಮೊದಲಿನ ಕೆಲವು ವಾರಗಳಲ್ಲಿಯೇ ಗಿಣ್ಣು ಹಾಲಿನ ರೋಗನಿರೋಧಕ ಅಂಶ ಕೆಚ್ಚಲಿಗೆ ಸೇರುವುದು. ಕರುವಿನ ಮೊದಲ ರಕ್ಷಣೆಯೇ ಅದು. ಇನ್ನೊಂದು ತೊಂದರೆ ಹಾಲು ಕುಡಿಯುವವರದು. ಕೆಚ್ಚಲು ಬಾವು ಬರದಿರಲೆಂದು ಹಾಲು ಬತ್ತಿಸುವ ದಿನ ಮೊಲೆಗಳೊಳಗೆ ಆಂಟಿಬಯೋಟಿಕ್ ಟ್ಯೂಬ್ ಏರಿಸುತ್ತಾರೆ. ಅದರ ಅಂಶ ಹಲವು ವಾರ ಕೆಚ್ಚಲಿನಲ್ಲಿ ಉಳಿಯುವಂತೆ ತಯಾರಿಸಿರುತ್ತಾರೆ. ಹಸು ಎಣಿಸಿದ್ದಕ್ಕಿಂತ ಮೂರು ವಾರ ಮೊದಲು ಈದರೆ ಆ ಔಷಧಿ ಹಾಲಿನ ಜತೆ ಡೇರಿಗೆ ಹೋಗುವ ಅಪಾಯವಿದೆ. ಅಂಥ ಸಂದರ್ಭದಲ್ಲಿ ಎಷ್ಟು ದಿನದ ಹಾಲು ಹಾಕಬಾರದೆಂದು ಪಶುವೈದ್ಯರನ್ನು ಕೇಳಿಯೇ ಡೇರಿಗೆ ಕೊಡಬೇಕು.

ಗೌರಿಯ ನಿಜವಾದ ತಾರೀಖು ಯಾವುದೆಂದು ಮೊದಲೇ ತಿಳಿಯಲು ದಾರಿ ಇದೆ, ಅದೂ ಒಂದಲ್ಲ ಎರಡು. ಮೊದಲನೆಯದು ಆಗಸ್ಟ್ 31ರಂದೇ ಸಿಕ್ಕಿತ್ತು. ನಿಜವಾದ ಬೆದೆಯಲ್ಲಿ ಲೋಳೆ ಗಾಜಿನಂತೆ ತಿಳಿಯಾಗಿ, ಉದ್ದಕ್ಕೆ ಜೋತುಬೀಳುತ್ತದೆ, ಗರ್ಭಕೋಶದ ಬಾಯಿ ತುಸು ತೆರೆದಿರುತ್ತದೆ. ಗಬ್ಬ ನಿಂತಿದ್ದರೆ ಆ ಬಾಯಿಗೆ ಅಂಟಂಟಾದ ದಪ್ಪ ಲೋಳೆ ಬಿರಡೆಯಾಗಿ ಕೂತಿರುತ್ತದೆ, ಇಂಜೆಕ್ಷನ್ನಿನ ಕೊಳವೆ ಸರಾಗವಾಗಿ ಹೋಗುವುದಿಲ್ಲ. ಪಳಗಿದ ಕೈ ಇದನ್ನು ಗುರುತಿಸಿ ಅಲ್ಲಿಗೇ ನಿಲ್ಲಿಸುತ್ತದೆ. ಬಲವಂತವಾಗಿ ತೂರಿಸಿದರೆ ಇದ್ದ ಗಬ್ಬವೂ ಹೋಗಬಹುದು. ಆದ್ದರಿಂದ ಎರಡನೇ ಸಲ ಕರೆಸುವಾಗ ‘ಮೊದಲನೆಯದು ಇಂಥ ದಿನ ಆಗಿತ್ತು’ ಎಂದು ಹೇಳುವುದು ಮನೆಯವರ ಜವಾಬ್ದಾರಿ.

ಎರಡನೆಯ ದಾರಿ ಗಬ್ಬದ ತಪಾಸಣೆ. ನವೆಂಬರ್ 8ರಂದು ಪಶುವೈದ್ಯರು ಕೈಹಾಕಿ ನೋಡಿದರು ಎನ್ನೋಣ. ಆಗಸ್ಟ್ 10ರಿಂದ ಅಂದಿಗೆ 90 ದಿನ, ಆಗಸ್ಟ್ 31ರಿಂದ 69 ದಿನ. ಈ ವಯಸ್ಸಿನಲ್ಲಿ ಮೂರು ವಾರದ ವ್ಯತ್ಯಾಸ ಕೈಗೆ ಚೆನ್ನಾಗಿ ಸಿಗುತ್ತದೆ. ಪಶುವೈದ್ಯಕೀಯ ವಿದ್ಯಾರ್ಥಿಗಳಿಗೆ ಹೇಳಿಕೊಡುವುದೇ ಹೀಗೆ: ಎರಡು ತಿಂಗಳಿಗೆ ಒಳಗಿನ ಜೀವ ಚುಂಡಿಲಿಯಷ್ಟು, ಮೂರಕ್ಕೆ ಹೆಗ್ಗಣದಷ್ಟು. ಅಳತೆಯಲ್ಲಿ ಹೇಳುವುದಾದರೆ 60 ದಿನಕ್ಕೆ ಸುಮಾರು 6 ಸೆಂಟಿಮೀಟರ್ ಇರುವುದು 90 ದಿನಕ್ಕೆ 15ರ ಹತ್ತಿರ ಬರುತ್ತದೆ. ಕರುವನ್ನು ಗರ್ಭಕೋಶಕ್ಕೆ ಕಟ್ಟಿಹಾಕುವ ಗುಂಡಿಗಳಂಥ ಗಂಟುಗಳು 75–80 ದಿನದ ಮೇಲೆ ಕೈಗೆ ತಾಗಲು ಶುರುವಾಗುತ್ತವೆ. 69ನೇ ದಿನಕ್ಕೆ ಅವು ಸಿಗುವುದು ಕಷ್ಟ. ಗಂಟುಗಳು ಸಿಕ್ಕಿದರೆ, ಗಾತ್ರವೂ ದೊಡ್ಡದಿದ್ದರೆ, ಮೊದಲ ತಾರೀಖೇ ನಿಜ. ಸ್ಕ್ಯಾನಿಂಗ್ ಯಂತ್ರ ಇದ್ದರೆ ಅಳತೆ ಇನ್ನೂ ಖಚಿತ. ಆದರೆ ಇದೇ ತಪಾಸಣೆಯನ್ನು ಆರನೇ ತಿಂಗಳಿಗೆ ಮುಂದೂಡಿದರೆ ಗರ್ಭಕೋಶ ಹೊಟ್ಟೆಯ ತಳಕ್ಕೆ ಇಳಿದು ಕರುವೇ ಕೈಗೆ ಸಿಗದೆ ಹೋಗಬಹುದು, ‘ಐದೋ ಆರೋ ತಿಂಗಳು’ ಎಂಬ ಅಂದಾಜಿಗಿಂತ ಹೆಚ್ಚಿನದನ್ನು ಯಾರೂ ಹೇಳಲಾರರು. ಹಸುವಿನ ಹಾಳೆಯಲ್ಲಿ ಎರಡು ತಾರೀಖುಗಳಿದ್ದಾಗ ಎರಡರಿಂದ ಮೂರು ತಿಂಗಳೊಳಗಿನ ತಪಾಸಣೆಗೆ ಬದಲಿ ಇಲ್ಲ.

ತಪಾಸಣೆಯೂ ಆಗಿರಲಿಲ್ಲ, ಹಸು ಮೇ 15ಕ್ಕೆ ಈದುಬಿಟ್ಟಿತು ಎಂದುಕೊಳ್ಳೋಣ. ಆಗಸ್ಟ್ 31ರ ಲೆಕ್ಕದಲ್ಲಿ ಅದು 257 ದಿನದ ಕರು, ದಿನ ತುಂಬದ್ದು. ಮನೆಯವರು ಹಸುವಿಗೆ ಏನೋ ರೋಗವೆಂದು ಹೆದರುತ್ತಾರೆ. ಕರುವನ್ನೇ ನೋಡಿದರೆ ಉತ್ತರ ಸಿಗುತ್ತದೆ. ಮೈತುಂಬ ಕೂದಲಿದೆ, ಕೆಳಗಿನ ಮುಂದಿನ ಹಲ್ಲುಗಳು ಮೂಡಿವೆ, ಒಂದೆರಡು ಗಂಟೆಯೊಳಗೆ ತಾನೇ ಎದ್ದು ನಿಂತು ಮೊಲೆ ಹುಡುಕುತ್ತಿದೆ ಎಂದರೆ ಅದು ದಿನ ತುಂಬಿದ ಕರು. ತಪ್ಪಿದ್ದು ಕ್ಯಾಲೆಂಡರು. ಆದರೆ ಕರು ಚಿಕ್ಕದಾಗಿ, ಕೂದಲು ತೆಳುವಾಗಿ, ಏಳಲಾಗದೆ ಬಿದ್ದಿದ್ದರೆ ಅದು ನಿಜವಾಗಿಯೂ ಅಕಾಲದ್ದು. ಕಂದು ಹಾಕಿಸುವ ಸೋಂಕುಗಳಲ್ಲಿ ಬ್ರುಸೆಲ್ಲೋಸಿಸ್ ಮನುಷ್ಯರಿಗೂ ಹರಡುವುದರಿಂದ ಕಸವನ್ನು, ಸತ್ತ ಕರುವನ್ನು ಬರಿಗೈಯಲ್ಲಿ ಮುಟ್ಟದೆ ಪಶುವೈದ್ಯರನ್ನು ಕರೆಸಬೇಕು.

ಇದರ ತಿರುವುಮುರುವೂ ಉಂಟು. ಲೆಕ್ಕದ ದಿನ ಕಳೆದು ಮೂರು ವಾರವಾದರೂ ಹಸು ಈಯಲಿಲ್ಲ, ಕೆಚ್ಚಲೂ ಬಿಟ್ಟಿಲ್ಲ. ಇಂಜೆಕ್ಷನ್ನಿಗೆ ಕಟ್ಟದೆ, ಮುಂದಿನ ಬೆದೆಯಲ್ಲಿ ಮೇಯಲು ಹೋದಾಗ ಊರಿನ ಹೋರಿಯಿಂದ ಕಟ್ಟಿರಬಹುದಾದ ಗಬ್ಬ ಅದು. ಇಂಥ ಕಡೆ ಕಾಯುವುದೇ ಸರಿ. ಆದರೆ ತಾರೀಖಿನ ಬಗ್ಗೆ ಅನುಮಾನವೇ ಇಲ್ಲ, ಕೆಚ್ಚಲು ತುಂಬಿದೆ, 290 ದಾಟಿದೆ, ಹೋರಿ ನಾಟಿ ತಳಿಯದೂ ಅಲ್ಲ ಎಂದಾದರೆ ಪಶುವೈದ್ಯರಿಗೆ ತೋರಿಸಬೇಕು. ಈಯುವ ಸೂಚನೆ ಕರುವಿನಿಂದಲೇ ಬರಬೇಕಾದ್ದರಿಂದ, ಕರುವಿನ ಮೆದುಳು ಅಥವಾ ಗ್ರಂಥಿಗಳು ಸರಿಯಾಗಿ ಬೆಳೆಯದಿದ್ದಾಗ ಗಬ್ಬ ವಿಪರೀತ ಮುಂದುವರಿಯುವುದುಂಟು.

ಸರಿಯಾದ ತಾರೀಖು ಕೈಲಿದ್ದರೆ ಮಿಕ್ಕದ್ದು ಹಿಂದಕ್ಕೆ ಎಣಿಸುವ ಕೆಲಸ. ಗೌರಿಗೆ ಮೇ 17 ಎಂದಾದರೆ ಮಾರ್ಚ್ 18ಕ್ಕೆ ಹಾಲು ಬತ್ತಿಸಬೇಕು. ಅದಕ್ಕೆ ಮೊದಲ ವಾರದಿಂದಲೇ ಹಿಂಡಿ ಬೂಸಾ ಇಳಿಸಿ ಹಾಲು ತಗ್ಗಿಸಬೇಕು. ಏಪ್ರಿಲ್ ಕೊನೆಯಿಂದ, ಅಂದರೆ ಈಯುವ ಎರಡು ಮೂರು ವಾರ ಮೊದಲು, ಹಿಂಡಿಯನ್ನು ಸ್ವಲ್ಪಸ್ವಲ್ಪವಾಗಿ ಮತ್ತೆ ಏರಿಸಬೇಕು. ಹೊಟ್ಟೆಯಲ್ಲಿ ಕರು ಜಾಗ ಹಿಡಿದಿರುವುದರಿಂದ ಆಗ ಹಸು ತಿನ್ನುವುದೇ ಕಡಿಮೆ. ಒಳ್ಳೆಯದೆಂದು ಈ ದಿನಗಳಲ್ಲಿ ಕ್ಯಾಲ್ಸಿಯಂ ಸುರಿಯುವ ರೂಢಿ ಕೆಲವೆಡೆ ಇದೆ. ಹಾಗೆ ಮಾಡಿದರೆ ಮೂಳೆಯಿಂದ ಕ್ಯಾಲ್ಸಿಯಂ ಎಳೆದುಕೊಳ್ಳುವ ದೇಹದ ಅಭ್ಯಾಸ ತಪ್ಪಿ, ಈದ ಮರುದಿನವೇ ಹಸು ಹಾಲುಜ್ವರದಿಂದ ನೆಲ ಹಿಡಿಯಬಹುದು. ಅದು ಈದ ಮೇಲಿನ ಔಷಧಿ, ಮೊದಲಿನದಲ್ಲ. ಹಾಲುಜ್ವರ ಹೆಚ್ಚಾಗಿ ಬರುವುದು ಮೂರನೆಯ ಸೂಲಿನ ಆಚೆಯ, ಹೆಚ್ಚು ಹಾಲಿನ ಹಸುಗಳಿಗೆ.

ಮೇ 7 ಬಂತೆಂದರೆ ತಾರೀಖಿನ ಕೆಲಸ ಹೆಚ್ಚುಕಮ್ಮಿ ಮುಗಿಯಿತು, ಅಲ್ಲಿಂದಾಚೆ ಹಸುವೇ ಹೇಳುತ್ತದೆ. ಕೆಚ್ಚಲು ತುಂಬಿ ಮೊಲೆಗಳು ಬಿಗಿಯುತ್ತವೆ. ಬಾಲದ ಬುಡದ ಎರಡೂ ಪಕ್ಕದ ಕಟ್ಟುಗಳು ಸಡಿಲವಾಗಿ ಅಲ್ಲಿ ಗುಳಿ ಬೀಳುತ್ತದೆ; ಅದು ಪೂರ್ತಿ ಮೆತ್ತಗಾದರೆ ಸಾಮಾನ್ಯವಾಗಿ ಒಂದು ದಿನದೊಳಗೆ ಈಯುತ್ತದೆ. ಸಂಜೆ ಸಂಜೆ ಥರ್ಮಾಮೀಟರ್ ಇಟ್ಟು ನೋಡುವ ಅಭ್ಯಾಸವಿದ್ದರೆ ಈಯುವ ಹಿಂದಿನ ದಿನ ಮೈಬಿಸಿ ಅರ್ಧ ಡಿಗ್ರಿ ಸೆಲ್ಸಿಯಸ್‌ನಷ್ಟು ಇಳಿದದ್ದೂ ಕಾಣುತ್ತದೆ. ನೀರಿನ ಚೀಲ ಕಂಡ ಎರಡು ಗಂಟೆಯೊಳಗೆ ಕರುವಿನ ಕಾಲು ಮೂತಿ ಕಾಣದಿದ್ದರೆ ತಡಮಾಡದೆ ಪಶುವೈದ್ಯರಿಗೆ ಫೋನ್ ಮಾಡಬೇಕು.

ಮುಂದಿನ ಸಲ ಇಂಜೆಕ್ಷನ್ ಹಾಕಿಸಿದಾಗ ನಾಲ್ಕು ಸಂಗತಿಗಳನ್ನು ಮನೆಯ ಪುಸ್ತಕದಲ್ಲಿ ಬರೆದುಕೊಳ್ಳಿ: ಬೆದೆ ಕಂಡ ಹೊತ್ತು, ಇಂಜೆಕ್ಷನ್ ಹಾಕಿದ ತಾರೀಖು, ಹೋರಿಯ ತಳಿ ಮತ್ತು ನಂಬರು, ಹಸುವಿನ ಕಿವಿಯ ಓಲೆಯ ಹನ್ನೆರಡು ಅಂಕಿ. ಮತ್ತೆ ಬೆದೆಗೆ ಬಂದು ಎರಡನೇ ಸಲ ಹಾಕಿಸಿದರೆ ಮೊದಲಿನ ತಾರೀಖನ್ನು ಹೊಡೆದುಹಾಕಬೇಡಿ. ಎರಡನ್ನೂ ಉಳಿಸಿಕೊಂಡು, ಮೂರು ತಿಂಗಳು ತುಂಬುವ ಮೊದಲು ಪಶುವೈದ್ಯರ ಮುಂದೆ ಇಡಿ.